ಕಟ್ ಮಾಡೋಕೆ ಎಲೆ ಕೊಡಿ, ಸರ್ಟಿಫಿಕೇಟ್ ಆಮೇಲೆ

ರಮ್ಮಿ ಕೌಶಲದ ಆಟ. ಈ ಮಾತನ್ನು ಜಾಹೀರಾತಿನಲ್ಲಿ ಸಿನಿಮಾ ನಟರು ಹೇಳಿದ್ದನ್ನು ಕೇಳಿರುತ್ತೀರಿ, ಕೋರ್ಟಿನಲ್ಲಿ ವಕೀಲರು ಹೇಳಿದ್ದನ್ನು ಓದಿರುತ್ತೀರಿ. ಇದರ ಬೇರು ಇರುವುದು 1968ರ ಒಂದು ತೀರ್ಪಿನಲ್ಲಿ. ಸಿಕಂದರಾಬಾದಿನ ಕ್ಲಬ್ಬೊಂದರಲ್ಲಿ ದುಡ್ಡಿಟ್ಟು ರಮ್ಮಿ ಆಡುತ್ತಿದ್ದವರ ಮೇಲೆ ಪೊಲೀಸರು ಕೇಸು ಹಾಕಿದ್ದರು. ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ಎಂಬ ಆ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅಂತ ತಲೆ ಓಡಿಸಬೇಕು, ಆದ್ದರಿಂದ ರಮ್ಮಿಯಲ್ಲಿ ಕೌಶಲದ್ದೇ ಮೇಲುಗೈ ಎಂದಿತು ಕೋರ್ಟು.

ಆ್ಯಪ್ ಕಂಪನಿಗಳು ಈ ತೀರ್ಪನ್ನು ಐವತ್ತು ವರ್ಷಗಳ ನಂತರವೂ ಗುರಾಣಿಯಂತೆ ಹಿಡಿದುಕೊಂಡು ತಿರುಗಿವೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ಕಂಪನಿಗಳು ಹೈಕೋರ್ಟಿಗೆ ಹೋಗಿ ಇದನ್ನೇ ಮುಂದಿಟ್ಟವು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಕೇಂದ್ರ ಕಾಯ್ದೆ ಮಾಡಿ, ಕೌಶಲವೋ ಅದೃಷ್ಟವೋ ಎಂಬ ಚರ್ಚೆಯನ್ನೇ ಪಕ್ಕಕ್ಕಿಟ್ಟು, ದುಡ್ಡಿನ ಆಟ ಎಲ್ಲವೂ ಬಂದ್ ಎಂದಿತು. ದೊಡ್ಡ ಕಂಪನಿಗಳು ದುಡ್ಡಿನ ಟೇಬಲ್ ಮುಚ್ಚಿದವು, ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಟ್ಟಿದವು. ಟೆಲಿಗ್ರಾಂ ಲಿಂಕಿನಲ್ಲಿ ಬರುವ ಹೊರದೇಶದ ಆ್ಯಪ್‌ಗಳು ಮಾತ್ರ ಯಾರ ಕಾಯ್ದೆಗೂ ಕಾಯುವುದಿಲ್ಲ, ಅದು ನಿಮಗೂ ಗೊತ್ತು.

ಇಷ್ಟೆಲ್ಲ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ಮೂಲೆಗೆ ಬಿತ್ತು. 1968ರ ಆ ತೀರ್ಪಿನಲ್ಲೇ ಇನ್ನೊಂದು ಮಾತಿದೆ. ಎಲೆ ಕಲೆಸಿ ಹಂಚುವ ಯಾವುದೇ ಆಟದಲ್ಲಿ ಸ್ವಲ್ಪ ಅದೃಷ್ಟ ಇದ್ದೇ ಇರುತ್ತದೆ, ಯಾಕೆಂದರೆ ಕಲೆಸಿದ ಕಟ್ಟಿನಲ್ಲಿ ಯಾವ ಎಲೆ ಎಲ್ಲಿ ಕೂತಿದೆ ಅನ್ನುವುದಕ್ಕೆ ಗೊತ್ತಾದ ಕ್ರಮ ಇರುವುದಿಲ್ಲ, ಬ್ರಿಜ್ ಆಟದಲ್ಲೂ ಹಾಗೇ, ಎನ್ನುವ ಅರ್ಥದ ಮಾತು. ಅಂದರೆ ಕೋರ್ಟು ಒಂದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗಿದೆ: ಎಲೆ ನೆಟ್ಟಗೆ ಕಲೆಸಿದ್ದಾರೆ ಅಂತ. ಕ್ಲಬ್ಬಿನ ಟೇಬಲ್ ಮೇಲೆ ನಾಲ್ಕು ಜನರ ಕಣ್ಣೆದುರು ಕಲೆಸಿದ್ದರು, ಒಪ್ಪಿಕೊಳ್ಳಬಹುದಿತ್ತು. ಆ್ಯಪ್‌ನಲ್ಲಿ ಕಲೆಸುವುದನ್ನು ನೋಡಿದವರು ಯಾರು? ಕೌಶಲ ಅನ್ನುವ ಇಡೀ ವಾದ ನಿಂತಿರುವುದು ಈ ಕಲೆಸುವಿಕೆಯ ಮೇಲೆ. ಅದು ಸುಳ್ಳಾದರೆ ನಿಮ್ಮ ಕೌಶಲಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ನಮ್ಮ ತಿಳವಳ್ಳಿ ಕಡೆ ದೀಪಾವಳಿಗೆ ಇಸ್ಪೀಟು ಆಡುವವರ ನಡುವೆ ಕೂತಿದ್ದರೆ ಒಂದು ಗಮನಿಸಿರುತ್ತೀರಿ. ಕಲೆಸಿದವನು ಸೀದಾ ಹಂಚುವುದಿಲ್ಲ. ಕಟ್ಟನ್ನು ಪಕ್ಕದವನ ಮುಂದೆ ಇಡುತ್ತಾನೆ: "ಕಾಕಾ, ಕಟ್ ಮಾಡ್ರಿ." ಕಾಕಾ ಅರ್ಧ ಎತ್ತಿ ಪಕ್ಕಕ್ಕಿಡುತ್ತಾರೆ, ಕೆಳಗಿನದು ಮೇಲಕ್ಕೆ ಬರುತ್ತದೆ. ಕಲೆಸಿದವನು ಸ್ವಂತ ತಮ್ಮನೇ ಆಗಿದ್ದರೂ ಕಟ್ ಆಗಬೇಕು. ಯಾರೂ ಅದನ್ನು ಅವಮಾನ ಅಂದುಕೊಳ್ಳುವುದಿಲ್ಲ. "ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಅಂತ ಕೇಳಿದವನನ್ನೇ ಎಲ್ಲರೂ ಅನುಮಾನದಿಂದ ನೋಡುತ್ತಾರೆ. ಕಲೆಸುವವನು ಏನೇ ಚಾಲಾಕಿ ಮಾಡಿದ್ದರೂ ಕೊನೆಯ ಕೈ ಅವನದ್ದಲ್ಲ, ಇಷ್ಟೇ ಇದರ ಲೆಕ್ಕ. ಇಷ್ಟು ಸಣ್ಣ ಮರ್ಯಾದೆಯನ್ನು ಕೋಟಿಗಟ್ಟಲೆ ರೂಪಾಯಿ ವಹಿವಾಟಿನ ಆ್ಯಪ್‌ಗಳು ನಮಗೆ ಕೊಟ್ಟಿಲ್ಲ. ಅದರ ಬದಲಿಗೆ ಕೊಟ್ಟದ್ದು ಒಂದು ಸರ್ಟಿಫಿಕೇಟು: "ಆರ್‌ಎನ್‌ಜಿ ಸರ್ಟಿಫೈಡ್."

ಆರ್‌ಎನ್‌ಜಿ ಅಂದರೆ ರ್‍ಯಾಂಡಂ ನಂಬರ್ ಜನರೇಟರ್, ಅಂದಾಜಿಗೆ ಸಿಗದ ಸಂಖ್ಯೆಗಳನ್ನು ಹೆರುವ ಯಂತ್ರ. ಕಂಪ್ಯೂಟರಿಗೆ ಎಲೆ ಕಲೆಸಲು ಕೈ ಇಲ್ಲ. ಅದು ಹೀಗೆ ಮಾಡುತ್ತದೆ: ಎಲೆಗಳನ್ನು ಸಾಲಾಗಿ ಇಟ್ಟುಕೊಂಡು, ಕೊನೆಯ ಜಾಗಕ್ಕೆ ಯಾವ ಎಲೆ ಅಂತ ಒಂದು ಸಂಖ್ಯೆ ಕೇಳುತ್ತದೆ, ಬಂದ ಎಲೆಯನ್ನು ಅಲ್ಲಿಟ್ಟು ಅದನ್ನು ಮತ್ತೆ ಮುಟ್ಟುವುದಿಲ್ಲ. ಉಳಿದವುಗಳಲ್ಲಿ ಅದರ ಹಿಂದಿನ ಜಾಗಕ್ಕೆ ಯಾವುದು ಅಂತ ಮತ್ತೆ ಕೇಳುತ್ತದೆ. ಹೀಗೆ ಒಂದು ಎಲೆ ಉಳಿಯುವ ತನಕ. ಫಿಶರ್-ಯೇಟ್ಸ್ ಅಂತ ಇದಕ್ಕೆ ಹೆಸರು, ಪ್ರೋಗ್ರಾಮಿಂಗ್ ಕಲಿತವರೆಲ್ಲ ಒಮ್ಮೆಯಾದರೂ ಬರೆದಿರುತ್ತೀರಿ. ಹತ್ತು ಸಾಲಿನ ಕೆಲಸ, ಇದರಲ್ಲಿ ಏನು ತಪ್ಪಾಗುತ್ತೆ ಅಂತೀರಾ? 1999ರಲ್ಲಿ ಏನಾಯಿತು ಕೇಳಿ.

ಆಗ ಅಮೆರಿಕದ ಕಡೆ ಆನ್‌ಲೈನ್ ಪೋಕರ್ ಹೊಸದು. ಪ್ಲಾನೆಟ್ ಪೋಕರ್ ಮುಂತಾದ ಸೈಟುಗಳಿಗೆ ಸಾಫ್ಟ್‌ವೇರ್ ಕೊಟ್ಟಿದ್ದು ಎಎಸ್‌ಎಫ್ ಎಂಬ ಕಂಪನಿ. ನಾವು ಎಷ್ಟು ಪ್ರಾಮಾಣಿಕರು ನೋಡಿ ಅಂತ ಅವರು ತಮ್ಮ ಕಲೆಸುವ ಕೋಡನ್ನೇ ಎಲ್ಲರೂ ಓದುವಂತೆ ಪ್ರಕಟಿಸಿದರು. ರಿಲಯಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್ ಎಂಬಲ್ಲಿ ಕೆಲಸ ಮಾಡುತ್ತಿದ್ದ, ಗ್ಯಾರಿ ಮೆಕ್‌ಗ್ರಾ, ಬ್ರ್ಯಾಡ್ ಆರ್ಕಿನ್ ಮೊದಲಾದವರಿದ್ದ ಒಂದು ತಂಡ ಅದನ್ನು ಕೂತು ಓದಿತು. ಮೊದಲ ತಪ್ಪು ಈ ಸಾಲಿನಲ್ಲೇ ಇತ್ತು:

```
random_number := random(51)+1;
```

ಇದು ಕೊಡುವುದು 1ರಿಂದ 51ರ ತನಕದ ಸಂಖ್ಯೆ. 52 ಬರುವುದೇ ಇಲ್ಲ. ಆದ್ದರಿಂದ ಹೊಸ ಕಟ್ಟಿನಲ್ಲಿ 52ನೇ ಎಲೆಯಾಗಿದ್ದದ್ದು ಕಲೆಸಿದ ಮೇಲೆ 52ನೇ ಜಾಗದಲ್ಲಿ ಇರಲು ಸಾಧ್ಯವೇ ಇಲ್ಲ. ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ಆ ಕೋಡು ಒಮ್ಮೆ ಇಟ್ಟ ಎಲೆಯನ್ನು ಮುಟ್ಟದೆ ಬಿಡುತ್ತಿರಲಿಲ್ಲ, ಪ್ರತಿ ಸಲವೂ ಇಡೀ ಕಟ್ಟಿನಿಂದ ಒಂದನ್ನು ಆರಿಸಿ ಅದಲು ಬದಲು ಮಾಡುತ್ತಿತ್ತು. ಜಾಸ್ತಿ ಕಲೆಸಿದರೆ ಒಳ್ಳೆಯದೇ ಅಲ್ವಾ ಅನಿಸುತ್ತದೆ. ಮೂರೇ ಎಲೆ ಇಟ್ಟು ಲೆಕ್ಕ ಹಾಕಿ. ಮೂರು ಎಲೆಗೆ ಆರು ಕ್ರಮಗಳಿವೆ. ಈ ವಿಧಾನದಲ್ಲಿ ಮೂರು ಸಲ ಮೂರರಲ್ಲಿ ಒಂದನ್ನು ಆರಿಸಿದರೆ ದಾರಿಗಳು 27. 27ನ್ನು ಆರು ಜನಕ್ಕೆ ಸಮನಾಗಿ ಹಂಚೋಕೆ ಆಗುತ್ತಾ? ಆಗಲ್ಲ. ಮೂರು ಕ್ರಮಗಳಿಗೆ ನಾಲ್ಕು ನಾಲ್ಕು ದಾರಿ, ಇನ್ನು ಮೂರಕ್ಕೆ ಐದೈದು. ಕೆಲವು ಕಟ್ಟುಗಳು ಉಳಿದವಕ್ಕಿಂತ ಹೆಚ್ಚು ಸಲ ಬರುತ್ತವೆ.

ಇವೆರಡೂ ಸಣ್ಣ ತಪ್ಪುಗಳು. ಪ್ರಾಣಕ್ಕೆ ಬಂದದ್ದು ಮೂರನೆಯದು. ಕಂಪ್ಯೂಟರಿನ ಸಾಮಾನ್ಯ ರ್‍ಯಾಂಡಂ ಯಂತ್ರ ಒಂದು ಬೀಜದಿಂದ ಶುರುವಾಗುತ್ತದೆ. ಸೀಡ್ ಅಂತೀವಲ್ಲ, ಅದು. ಒಂದೇ ಬೀಜ ಹಾಕಿದರೆ ಪ್ರತಿ ಸಲವೂ ಅದೇ ಸಂಖ್ಯೆಗಳ ಸಾಲು, ಅಂದರೆ ಅದೇ ಕಟ್ಟು. 52 ಎಲೆಗಳನ್ನು ಇಡುವ ಕ್ರಮಗಳು 8ರ ಮುಂದೆ 67 ಸೊನ್ನೆ ಹಾಕಿದಷ್ಟು. ಅವರ ಬೀಜ 32 ಬಿಟ್ಟಿನದು, ಅದರಿಂದ ಹುಟ್ಟಬಲ್ಲ ಕಟ್ಟುಗಳು ಹೆಚ್ಚೆಂದರೆ 430 ಕೋಟಿ. ಅದೂ ಇರಲಿ. ಬೀಜ ತೆಗೆದುಕೊಳ್ಳುತ್ತಿದ್ದದ್ದು ಸರ್ವರಿನ ಗಡಿಯಾರದಿಂದ, ನಡುರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಆಯಿತು ಅನ್ನುವುದರಿಂದ. ಒಂದು ದಿನಕ್ಕೆ 8 ಕೋಟಿ 64 ಲಕ್ಷ ಮಿಲಿಸೆಕೆಂಡು, ಅಷ್ಟೇ ಕಟ್ಟು. ತಮ್ಮ ಗಡಿಯಾರವನ್ನು ಸರ್ವರಿನದ್ದಕ್ಕೆ ಹೊಂದಿಸಿಕೊಂಡ ಮೇಲೆ ತಂಡದ ಮುಂದೆ ಉಳಿದದ್ದು ಸುಮಾರು 2 ಲಕ್ಷ ಕಟ್ಟು.

ಆ ಪೋಕರಿನಲ್ಲಿ ಆಟಗಾರನ ಕೈಯಲ್ಲಿ ಎರಡು ಎಲೆ, ಆಮೇಲೆ ಟೇಬಲ್ ಮೇಲೆ ತೆರೆದ ಮೂರು. ಐದು ಎಲೆ ಕಣ್ಣಿಗೆ ಕಂಡವು. ಐದು ಎಲೆ ಕ್ರಮವಾಗಿ ಬರುವ ಬಗೆಗಳು 31 ಕೋಟಿಗೂ ಹೆಚ್ಚು, ಅಭ್ಯರ್ಥಿ ಕಟ್ಟುಗಳು ಬರೀ 2 ಲಕ್ಷ. ಹಾಗಾಗಿ ಆ ಐದಕ್ಕೆ ಸರಿಹೊಂದುವ ಕಟ್ಟು ಸಾಮಾನ್ಯವಾಗಿ ಒಂದೇ. ಅದು ಸಿಕ್ಕಿತು ಅಂದರೆ ಎದುರಿನವರ ಕೈಯಲ್ಲಿ ಏನಿದೆ, ಮುಂದೆ ಯಾವ ಎಲೆ ಬೀಳುತ್ತೆ, ಎಲ್ಲ ಗೊತ್ತು. ಮನೆಯ ಮಾಮೂಲಿ ಪಿಸಿಯಲ್ಲಿ, ಆಟ ನಡೆಯುತ್ತಿರುವಾಗಲೇ ಇದನ್ನು ಮಾಡಿ ತೋರಿಸಿದರು. ಕಂಪನಿ ಕೋಡು ಬದಲಿಸಿತು.

ಇಪ್ಪತ್ತೈದು ವರ್ಷದ ಹಳೇ ಕತೆ, ಈಗ ಯಾರು ಗಡಿಯಾರದಿಂದ ಬೀಜ ತೆಗೀತಾರೆ ಅಂತ ನಿಮ್ಮಲ್ಲಿ ಬ್ಯಾಕೆಂಡ್ ಕೆಲಸ ಮಾಡುವವರು ಮೂಗು ಮುರಿಯಬಹುದು. ನಿಜ, ಈಗ ಆಪರೇಟಿಂಗ್ ಸಿಸ್ಟಮ್ಮೇ ಕೊಡುವ ಕ್ರಿಪ್ಟೋ ದರ್ಜೆಯ ಸಂಖ್ಯೆಗಳಿವೆ, ನೆಟ್ಟಗೆ ಬಳಸಿದರೆ ಈ ತೊಂದರೆ ಇಲ್ಲ. ನಾನು ಹೇಳುತ್ತಿರುವುದು ಬೇರೆ. ಬೀಜದ ಆ ತಪ್ಪನ್ನು ಆಟಗಾರರು ಎಲೆ ಎಣಿಸಿ ಕಂಡುಹಿಡಿಯಲಿಲ್ಲ, ಕಂಡುಹಿಡಿಯಲು ಆಗುತ್ತಲೂ ಇರಲಿಲ್ಲ. ಟೇಬಲ್‌ನಲ್ಲಿ ಕೂತು ನೋಡಿದರೆ ಎಕ್ಕ ಬರಬೇಕಾದಷ್ಟು ಬರುತ್ತಿತ್ತು, ಗುಲಾಮ ಬರಬೇಕಾದಷ್ಟು ಬರುತ್ತಿತ್ತು. ಎಲೆಗಳು ಸರಿಯಾದ ಪ್ರಮಾಣದಲ್ಲಿ ಬರುವುದು ಒಂದು, ಮುಂದಿನ ಎಲೆ ಯಾರಿಗೂ ಮೊದಲೇ ಗೊತ್ತಾಗದಿರುವುದು ಇನ್ನೊಂದು. ಸಿಕ್ಕಿಬಿದ್ದದ್ದು ಕೋಡು ಎಲ್ಲರ ಮುಂದೆ ಇದ್ದುದರಿಂದ.

ಈಗ ಸರ್ಟಿಫಿಕೇಟಿಗೆ ಬರೋಣ. ನಮ್ಮ ರಮ್ಮಿ ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುತ್ತಿದ್ದದ್ದು ಐಟೆಕ್ ಲ್ಯಾಬ್ಸ್‌ನಂಥ ಪರೀಕ್ಷಾ ಸಂಸ್ಥೆಗಳದ್ದು. ಆ ಸಂಸ್ಥೆಗಳ ಕೆಲಸ ಬೋಗಸ್ ಅಂತ ನಾನು ಹೇಳುವುದಿಲ್ಲ. ಯಂತ್ರದಿಂದ ರಾಶಿ ಸಂಖ್ಯೆ ತೆಗೆಸಿ ಸಂಖ್ಯಾಶಾಸ್ತ್ರದ ಪರೀಕ್ಷೆಗಳಿಗೆ ಒಡ್ಡುತ್ತಾರೆ, ಮೂಲ ಕೋಡನ್ನೂ ನೋಡುತ್ತಾರೆ. ಆದರೆ ಅವರು ನೋಡಿದ್ದು ಒಂದು ದಿನದ ಒಂದು ಆವೃತ್ತಿ. ಸರ್ವರಿನಲ್ಲಿ ಇಂದು ರಾತ್ರಿ ಓಡುತ್ತಿರುವುದು ಅದೇನಾ ಅಂತ ನಿಮಗೆ ತಿಳಿಯುವ ದಾರಿ ಇಲ್ಲ. ಅದಕ್ಕಿಂತ ದೊಡ್ಡದು, ಯಂತ್ರ ಪ್ರಾಮಾಣಿಕವಾಗಿದ್ದೂ ಹಂಚಿಕೆ ಮೋಸವಾಗಿರಲು ಸಾಧ್ಯ. ಹೇಗೆ ಅಂತೀರಾ? ಸರ್ವರು ಒಂದೇ ಆಟಕ್ಕೆ ಎರಡು ಸಲ ಎಲೆ ಕಲೆಸಲಿ. ಎರಡೂ ಸಲ ಶುದ್ಧ, ಯಾವ ಪರೀಕ್ಷೆಗೂ ಹೆದರಬೇಕಿಲ್ಲ. ಆಮೇಲೆ ಎರಡರಲ್ಲಿ ತನಗೆ ಬೇಕಾದ್ದನ್ನು ಆರಿಸಿ ಹಂಚಲಿ. ಆರ್‌ಎನ್‌ಜಿ ಪಾಸು, ಆಟಗಾರ ಫೇಲು.

ಕಂಪನಿಗೆ ಇದರಿಂದ ಏನು ಲಾಭ, ಅವರು ಬರೀ ಕಮಿಷನ್ ತಗೊಳ್ತಾರಲ್ಲ, ಯಾರು ಗೆದ್ದರೆ ಅವರಿಗೇನು? ಕಂಪನಿಯವರು ಯಾವಾಗಲೂ ಕೇಳುವ ಪ್ರಶ್ನೆ ಇದು. ಎದುರು ಕೂತವರೆಲ್ಲ ನಿಜವಾದ ಮನುಷ್ಯರಾಗಿದ್ದರೆ ಸರಿಯಾದ ಪ್ರಶ್ನೆಯೇ. ಎದುರಿನ ಆಟಗಾರ ಕಂಪನಿಯ ಬಾಟ್ ಆಗಿದ್ದರೆ? ಹೊಸಬನಿಗೆ ಮೊದಲ ವಾರ ಒಳ್ಳೆ ಎಲೆ ಕೊಟ್ಟು ರುಚಿ ಹತ್ತಿಸುವ ಆಸೆ ಮಾರ್ಕೆಟಿಂಗ್‌ನವರಿಗೆ ಬಂದರೆ? 2025ರ ನವೆಂಬರಿನಲ್ಲಿ ಜಾರಿ ನಿರ್ದೇಶನಾಲಯದ ಬೆಂಗಳೂರು ವಲಯ ಕಚೇರಿ ಗೇಮಿಂಗ್ ಕಂಪನಿಗಳ ಮೇಲೆ ಶೋಧ ನಡೆಸಿದಾಗ ಒಂದು ಕಂಪನಿಯ ಮೇಲೆ ಹೊರಿಸಿದ್ದು ಇದೇ ಬಗೆಯ ಆರೋಪ: ಜನರಿಗೆ ತಿಳಿಸದೆ ಸಾಫ್ಟ್‌ವೇರ್ ವಿರುದ್ಧ ದುಡ್ಡಿಟ್ಟು ಆಡಿಸುತ್ತಿದ್ದರು ಅಂತ. ಆರೋಪ ಅಷ್ಟೇ, ಸಾಬೀತಾಗುವುದು ಕೋರ್ಟಿನಲ್ಲಿ. ಆದರೆ ಆಟಗಾರನಿಗೆ ತಾನಾಗಿಯೇ ಪರೀಕ್ಷಿಸುವ ದಾರಿ ಇದ್ದಿದ್ದರೆ ಇ.ಡಿ. ಬರುವ ತನಕ ಕಾಯಬೇಕಿತ್ತಾ?

ಹಾಗಂತ ಆಟಗಾರರ ಪಕ್ಷ ವಹಿಸಿ ಕಣ್ಣು ಮುಚ್ಚುವವನೂ ನಾನಲ್ಲ. ಮಾರತ್ತಹಳ್ಳಿ ಪಿಜಿಗಳಲ್ಲಿ, ಆಫೀಸ್ ಕ್ಯಾಬ್‌ಗಳಲ್ಲಿ ಕೇಳಿದ್ದೇನೆ: "ಮಗಾ, ಫುಲ್ ರಿಗ್ಗಡ್ಡು, ನಾಲ್ಕು ಗೇಮಿಂದ ಒಂದ್ ಜೋಕರ್ ಬಂದಿಲ್ಲ." ನಾಲ್ಕು ಆಟಕ್ಕೆ ಮೋಸ ಅನ್ನುವವನು ಕಂಪನಿಗೆ ಉಪಕಾರವನ್ನೇ ಮಾಡುತ್ತಿದ್ದಾನೆ, ಯಾಕೆಂದರೆ ಅವನ ದೂರನ್ನು ತಳ್ಳಿಹಾಕುವುದು ತುಂಬ ಸುಲಭ. ಬ್ರಿಜ್ ಆಡುವವರಲ್ಲೂ ಇಂಥದ್ದೇ ಆಗಿತ್ತು. ಕ್ಲಬ್ಬುಗಳಿಗೆ ಕಂಪ್ಯೂಟರ್ ಹಂಚಿಕೆ ಬಂದಾಗ ಎಲೆ ವಿಪರೀತ ಬರ್ತಿವೆ ಅಂತ ದೂರಿದರು. ಕಂಪ್ಯೂಟರ್ ಸರಿಯಾಗೇ ಇತ್ತು. ಅಷ್ಟು ವರ್ಷ ಕೈಯಲ್ಲಿ ಅರೆಬರೆ ಕಲೆಸಿ ಸಪಾಟಾದ ಹಂಚಿಕೆಗೆ ಕಣ್ಣು ಒಗ್ಗಿತ್ತು, ಅಷ್ಟೇ.

ಹಾಗಾದರೆ ಎಣಿಸುವುದು ಹೇಗೆ? ಒಂದೇ ಒಂದು ಸಂಗತಿಯನ್ನು ಹಿಡಿದು ತೋರಿಸುತ್ತೇನೆ. 13 ಎಲೆಯ ರಮ್ಮಿ, ಎರಡು ಕಟ್ಟು, ಎರಡು ಮುದ್ರಿತ ಜೋಕರ್, ಒಟ್ಟು 106 ಎಲೆ. ಒಂದು ಎಲೆ ತೆಗೆದು ವೈಲ್ಡ್ ಜೋಕರ್ ಅಂತ ಇಟ್ಟರೆ ಉಳಿದವು 105. ಆ ಸಂಖ್ಯೆಯ ಇನ್ನು 7 ಎಲೆ ಮತ್ತು 2 ಮುದ್ರಿತ ಜೋಕರ್ ಸೇರಿ 9 ಜೋಕರ್ ಆಟದಲ್ಲಿವೆ. ತೆಗೆದದ್ದು ಮುದ್ರಿತ ಜೋಕರೇ ಆಗಿದ್ದು, ಎಕ್ಕಗಳು ಜೋಕರ್ ಆಗುವ ನಿಯಮ ಇದ್ದರೂ 8 ಎಕ್ಕ, 1 ಜೋಕರ್, ಮತ್ತೆ 9ಕ್ಕೇ ಬರುತ್ತದೆ. ಈಗ ನಿಮಗೆ ಮೊದಲು ಬಿದ್ದ 13 ಎಲೆಯಲ್ಲಿ ಒಂದೂ ಜೋಕರ್ ಇಲ್ಲದಿರುವ ಸಂಭವ ಎಷ್ಟು? ಮೊದಲ ಜೋಕರ್ ನಿಮ್ಮ ಕೈಗೆ ಬರದೆ ಉಳಿದ 92 ಜಾಗಗಳಲ್ಲಿ ಒಂದಕ್ಕೆ ಹೋಗಬೇಕು, ಅದು 92/105. ಎರಡನೆಯದು 91/104. ಹೀಗೆ ಒಂಬತ್ತನೆಯದು 84/97. ಒಂಬತ್ತನ್ನೂ ಗುಣಿಸಿದರೆ ಬರುವುದು 0.289.

ಅಂದರೆ ಪ್ರಾಮಾಣಿಕ ಆ್ಯಪ್‌ನಲ್ಲೂ ನೂರು ಆಟಕ್ಕೆ ಸುಮಾರು 29ರಲ್ಲಿ ಕೈಯಲ್ಲಿ ಜೋಕರ್ ಇರುವುದಿಲ್ಲ. ಸತತ ನಾಲ್ಕು ಸಲ ಬರದಿರುವುದು ಯಾವುದೋ ಒಂದು ಗೊತ್ತಾದ ನಾಲ್ಕರಲ್ಲಿ ನೋಡಿದರೆ ಸಾವಿರಕ್ಕೆ ಏಳು. ಕಮ್ಮಿ ಅನಿಸುತ್ತೆ. ಆದರೆ 400 ಆಟ ಆಡಿದವನಿಗೆ ಅಂಥ ನಾಲ್ಕರ ಸರಣಿ ಎಲ್ಲಾದರೂ ಒಮ್ಮೆ ಎದುರಾಗುವ ಸಂಭವ ಶೇ. 85ರ ಹತ್ತಿರ. ಆ ಸರಣಿ ಬಾರದಿದ್ದರೇ ಆಶ್ಚರ್ಯಪಡಬೇಕು. ಪಿಜಿಯ ಗೆಳೆಯನ ದೂರು ಅಲ್ಲಿಗೆ ಮುಗಿಯಿತು.

ನಿಜವಾಗಿ ಎಣಿಸಬೇಕು ಅಂದರೆ, ಶುರು ಮಾಡುವ ಮೊದಲೇ 400 ಆಟ ಅಂತ ನಿರ್ಧರಿಸಿ. ಪ್ರತಿ ಆಟದಲ್ಲೂ ಮೊದಲ 13 ಎಲೆ ಬಿದ್ದ ಕೂಡಲೇ, ಒಂದೂ ಎಲೆ ಎಳೆಯುವ ಮೊದಲು, ಜೋಕರ್ ಇದೆಯೋ ಇಲ್ಲವೋ ಬರೆದಿಡಿ. ಡ್ರಾಪ್ ಮಾಡಿದ ಆಟವನ್ನೂ ಬರೆಯಬೇಕು. ಸೋತ ದಿನ ಮಾತ್ರ ಬರೆಯುವುದು, ಕೋಪ ಬಂದ ಮೇಲೆ ಶುರು ಮಾಡುವುದು, ನಡುವೆ ಲೆಕ್ಕ ನೋಡಿ ಸಾಕು ಅನಿಸಿದಾಗ ನಿಲ್ಲಿಸುವುದು, ಈ ಮೂರರಲ್ಲಿ ಯಾವುದನ್ನು ಮಾಡಿದರೂ ಲೆಕ್ಕ ಕೆಟ್ಟಂತೆ. ದುಡ್ಡಿಡಬೇಕಾಗಿಲ್ಲ, ಫ್ರೀ ಟೇಬಲ್‌ನಲ್ಲೇ ಎಣಿಸಿ. ದುಡ್ಡಿನ ಟೇಬಲ್ ಬೇರೆ ರೀತಿ ಹಂಚುತ್ತಿದ್ದರೆ ಅದು ಇದರಲ್ಲಿ ಗೊತ್ತಾಗುವುದಿಲ್ಲ, ಅದನ್ನೂ ಬರೆದಿಟ್ಟುಕೊಳ್ಳಿ.

400 ಆಟಕ್ಕೆ ಜೋಕರ್ ಇಲ್ಲದ ಕೈ ಸುಮಾರು 116 ಬರಬೇಕು. 97ರಿಂದ 134ರ ನಡುವೆ ಬಂದರೆ ಸುಮ್ಮನಿರಿ, ಅದು ಸಹಜ ಏರುಪೇರು, ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಪ್ರಾಮಾಣಿಕ ಕಟ್ಟು ಅಲ್ಲೇ ಇರುತ್ತದೆ. 150 ಬಂತು ಅನ್ನಿ. ಪ್ರಾಮಾಣಿಕ ಹಂಚಿಕೆಯಲ್ಲಿ ಅಷ್ಟಾಗುವ ಸಂಭವ ಸುಮಾರು ಹತ್ತು ಸಾವಿರದಲ್ಲಿ ಒಂದು. ಆಗಲೂ ಸ್ಕ್ರೀನ್‌ಶಾಟ್ ಹಾಕಿ ಕೂಗಬೇಡಿ. ಹತ್ತು ಸಾವಿರ ಜನ ಎಣಿಸುತ್ತಿದ್ದರೆ ಒಬ್ಬನಿಗೆ ಹಾಗೆ ಬರಲೇಬೇಕು, ಮತ್ತು ಕೂಗುವವನು ಅವನೊಬ್ಬನೇ. ಹೊಸದಾಗಿ ಇನ್ನೊಂದು 400 ಎಣಿಸಿ. ಎರಡನೇ ಸಲವೂ ಹಾಗೇ ಬಂದರೆ ಆಗ ಮಾತಾಡಲು ನಿಮ್ಮ ಹತ್ತಿರ ಸರಕಿದೆ.

ಮೇಲೆ ಹೇಳಿದ ಎರಡು ಕಟ್ಟಿನ ಮೋಸ ಇದರಲ್ಲಿ ಸಿಗುತ್ತಾ? ಎರಡು ಸಲ ಕಲೆಸಿ, ಒಂದರಲ್ಲಾದರೂ ನಿಮ್ಮ ಕೈ ಜೋಕರ್ ಇಲ್ಲದ್ದಾಗಿದ್ದರೆ ಅದನ್ನೇ ಹಂಚಿದರೆ, 29 ಬರಬೇಕಾದದ್ದು 49 ಆಗುತ್ತದೆ. ಹೊಸಬನಿಗೆ ರುಚಿ ಹತ್ತಿಸಲು ಉಲ್ಟಾ ಮಾಡಿದರೆ 29 ಇದ್ದದ್ದು 8ಕ್ಕೆ ಇಳಿಯುತ್ತದೆ. ನೂರು ಆಟದಲ್ಲೇ ಹಿಡಿಯಬಹುದು, ಅಷ್ಟು ದಡ್ಡ ಮೋಸ ಅದು. ಬುದ್ಧಿವಂತ ಕಂಪನಿ ಹತ್ತರಲ್ಲಿ ಒಂದು ಆಟದಲ್ಲಿ ಮಾತ್ರ ಹಾಗೆ ಮಾಡುತ್ತದೆ. ಆಗ 29 ಇದ್ದದ್ದು 31 ಆಗುತ್ತದೆ, ಅಷ್ಟೇ. ಆ ಎರಡರ ವ್ಯತ್ಯಾಸವನ್ನು ಭರವಸೆಯಿಂದ ಹಿಡಿಯಲು ಸುಮಾರು 4,000 ಆಟ ಎಣಿಸಬೇಕು. ದಿನಕ್ಕೆ 20 ಆಟದಂತೆ 200 ದಿನ. ಅಷ್ಟರಲ್ಲಿ ಆ್ಯಪ್ ಎಷ್ಟು ಸಲ ಅಪ್‌ಡೇಟ್ ಆಗಿರುತ್ತೋ! ಜೋಕರನ್ನು ಮುಟ್ಟದೆ, ನಿಮಗೆ ಸಿಗಬೇಕಾದ ಎಲೆಯನ್ನು ಮುಚ್ಚಿದ ಕಟ್ಟಿನ ಕೆಳಗೆ ತಳ್ಳಿದರೆ ಈ ಎಣಿಕೆಗೆ ಅದು ಕಾಣುವುದೇ ಇಲ್ಲ. ಒಬ್ಬಂಟಿ ಆಟಗಾರನ ಎಣಿಕೆಯ ಮಿತಿ ಇಲ್ಲಿಗೆ ಮುಗಿಯಿತು.

ಎಣಿಕೆ ಗೆದ್ದ ಒಂದು ಪ್ರಸಂಗವೂ ಇದೆ, ಅದು ಗೆದ್ದದ್ದು ಯಾಕೆ ಅನ್ನುವುದೂ ತಿಳಿಯಬೇಕು. 2007ರಲ್ಲಿ ಆಬ್ಸಲ್ಯೂಟ್ ಪೋಕರ್ ಎಂಬ ಸೈಟಿನಲ್ಲಿ POTRIPPER ಎಂಬ ಖಾತೆ ಎದುರಾಳಿಗಳ ಎಲೆ ಕಂಡವನಂತೆ ಆಡಿ ಟೂರ್ನಮೆಂಟ್ ಗೆದ್ದಿತು. ಎರಡನೇ ಸ್ಥಾನಕ್ಕೆ ಬಂದವರು ಆಟದ ದಾಖಲೆ ಕೇಳಿದರು. ಸೈಟಿನವರು ಕಳಿಸಿದ ಫೈಲಿನಲ್ಲಿ ಎಲ್ಲರ ಮುಚ್ಚಿದ ಎಲೆಗಳೂ, ಆಟ ನೋಡುತ್ತಿದ್ದ ಖಾತೆಯ ವಿವರವೂ ಇದ್ದವು. ಆಟಗಾರರು ಅದನ್ನು ಸಾಲು ಸಾಲಾಗಿ ಜಾಲಾಡಿ, ಒಳಗಿನ ಖಾತೆಯೊಂದು ಎಲ್ಲರ ಎಲೆ ನೋಡುತ್ತಿತ್ತು ಎಂಬುದನ್ನು ಬಯಲಿಗೆಳೆದರು, ಕಂಪನಿ ಒಪ್ಪಿಕೊಳ್ಳಬೇಕಾಯಿತು. ಇಲ್ಲಿ ಎಲೆ ಕಲೆಸಿದ್ದರಲ್ಲಿ ತಪ್ಪೇ ಇರಲಿಲ್ಲ. ಜಗತ್ತಿನ ಯಾವ ಆರ್‌ಎನ್‌ಜಿ ಸರ್ಟಿಫಿಕೇಟೂ ಇದನ್ನು ತಡೆಯುತ್ತಿರಲಿಲ್ಲ. ತಡೆದದ್ದು ಪೂರ್ತಿ ದಾಖಲೆ ಆಟಗಾರನ ಕೈಗೆ ಬಂದದ್ದು.

ಅದಕ್ಕೇ ನಾನು ಕೇಳುವುದು ಕಟ್ಟು. ಕಾಕಾ ಮಾಡಿದ ಕಟ್ಟನ್ನು ಕಂಪ್ಯೂಟರಿನಲ್ಲಿ ಮಾಡುವ ವಿಧಾನ ಹೊಸದಲ್ಲ, ಕಷ್ಟದ್ದೂ ಅಲ್ಲ. ಆಟ ಶುರುವಾಗುವ ಮೊದಲು ಸರ್ವರು ಒಂದು ದೊಡ್ಡ ಗುಟ್ಟಿನ ಸಂಖ್ಯೆ ಆರಿಸಿ, ಅದರ SHA-256 ಮುದ್ರೆಯನ್ನು ಟೇಬಲ್‌ನಲ್ಲಿ ಕೂತ ಎಲ್ಲರಿಗೂ ಕಳಿಸುತ್ತದೆ. ಮುದ್ರೆ ನೋಡಿ ಗುಟ್ಟು ಹೇಳಲಾಗುವುದಿಲ್ಲ, ಗುಟ್ಟು ಬದಲಿಸಿದರೆ ಮುದ್ರೆ ಹೊಂದುವುದಿಲ್ಲ. ಕಲೆಸಿದ ಕಟ್ಟನ್ನು ಟೇಬಲ್ ಮೇಲೆ ಇಟ್ಟಂತಾಯಿತು. ಆಮೇಲೆ ಪ್ರತಿಯೊಬ್ಬರ ಫೋನೂ ತನ್ನದೊಂದು ಸಂಖ್ಯೆ ಸೇರಿಸುತ್ತದೆ. ಇದೇ ಕಟ್ ಮಾಡುವುದು. ಎಲ್ಲ ಸಂಖ್ಯೆ ಸೇರಿಸಿ ಹುಟ್ಟಿದ ಬೀಜದಿಂದ, ಎಲ್ಲರಿಗೂ ಗೊತ್ತಿರುವ ಫಿಶರ್-ಯೇಟ್ಸ್ ವಿಧಾನದಲ್ಲಿ ಎಲೆ ಬೀಳುತ್ತವೆ. ಆಟ ಮುಗಿದ ಮೇಲೆ ಸರ್ವರು ಗುಟ್ಟು ಬಿಚ್ಚಿಡುತ್ತದೆ. ನೀವು ಟರ್ಮಿನಲ್ ತೆರೆದು ಒಂದು ಸಾಲು ಹಾಕಿ:

```
printf '%s' "$SECRET" | sha256sum
```

ಮೊದಲೇ ಕೊಟ್ಟಿದ್ದ 64 ಅಕ್ಷರಗಳ ಮುದ್ರೆಯೇ ಬಂದರೆ ಗುಟ್ಟು ಬದಲಾಗಿಲ್ಲ. ಮತ್ತೆ ಕಲೆಸಿ ನೋಡಿದರೆ ನಿಮಗೆ ಬಿದ್ದ 13 ಎಲೆಯೇ ಬರಬೇಕು. ಎದುರು ಕೂತವರಲ್ಲಿ ಕಂಪನಿಯ ಬಾಟ್ ಇಲ್ಲದಿದ್ದರೆ, ಎರಡು ಸಲ ಕಲೆಸಿ ಬೇಕಾದ್ದನ್ನು ಆರಿಸುವ ಆಟ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಸರ್ವರು ತನ್ನ ಗುಟ್ಟಿಗೆ ಕಟ್ಟುಬಿದ್ದಾಗ ನಿಮ್ಮ ಸಂಖ್ಯೆ ಏನು ಅಂತ ಅದಕ್ಕೆ ಗೊತ್ತಿರಲಿಲ್ಲ. ಈ ಕ್ರಮ ಮಾತ್ರ ಹಿಂದುಮುಂದಾಗಬಾರದು. ಕಾಕಾ ಕಟ್ ಮಾಡಿದ ಮೇಲೆ ಮತ್ತೆ ಕಲೆಸಿದರೆ ಹೇಗೋ, ನಿಮ್ಮ ಸಂಖ್ಯೆ ಪಡೆದ ಮೇಲೆ ಮುದ್ರೆ ಕೊಡುವ ಆ್ಯಪ್ ಕೂಡ ಹಾಗೇ. ಹಾಗೆಯೇ, ಹಿಡಿಸದ ಕಟ್ಟು ಬಂದಾಗ "ನೆಟ್‌ವರ್ಕ್ ಎರರ್" ಅಂತ ಆಟ ರದ್ದು ಮಾಡುವುದನ್ನೂ ಎಣಿಸಬೇಕು. ರದ್ದಾದ ಆಟದ ಗುಟ್ಟೂ ಬಿಚ್ಚಬೇಕು.

ಕಂಪನಿಯವರು ಇದಕ್ಕೆ ಹೇಳುವ ಉತ್ತರ ನನಗೆ ಗೊತ್ತು: ಆಟ ಮುಗಿದ ಮೇಲೆ ಎಲ್ಲರ ಎಲೆ ತೋರಿಸಿದರೆ ಒಬ್ಬರ ಆಟದ ಶೈಲಿ ಇನ್ನೊಬ್ಬರಿಗೆ ತಿಳಿಯುತ್ತದೆ, ಖಾಸಗಿತನ, ಇತ್ಯಾದಿ. ಆ ಟೇಬಲ್‌ನಲ್ಲಿ ಕೂತವರಿಗೆ ಮಾತ್ರ, ಒಂದು ದಿನ ತಡವಾಗಿ ಕೊಡಿ. ನಮ್ಮ ಕಾಂಟ್ಯಾಕ್ಟ್ ಲಿಸ್ಟು, ಲೊಕೇಶನ್ನು ಕೇಳುವಾಗ ಇಲ್ಲದ ಖಾಸಗಿತನದ ಕಾಳಜಿ ಎಲೆ ತೋರಿಸುವಾಗ ಎಲ್ಲಿಂದ ಬರುತ್ತದೋ.

ಈ ಕಟ್ಟಿನ ಮಿತಿಯನ್ನೂ ಹೇಳಿಬಿಡುತ್ತೇನೆ. ಹಂಚಿಕೆ ನೆಟ್ಟಗಾಗಿದೆ ಅನ್ನುವುದನ್ನು ಮಾತ್ರ ಇದು ತೋರಿಸುತ್ತದೆ. ಬೀಜ ಸರ್ವರಿನಲ್ಲೇ ಇರುವುದರಿಂದ ಸರ್ವರಿಗೆ ಎಲ್ಲರ ಎಲೆ ಗೊತ್ತು, POTRIPPERನಂಥ ಒಳಗಣ್ಣನ್ನು ಇದು ಮುಚ್ಚುವುದಿಲ್ಲ. ಎದುರು ಕೂತದ್ದು ಮನುಷ್ಯನೋ ಬಾಟೋ ಹೇಳುವುದಿಲ್ಲ. ಇಬ್ಬರು ಫೋನಿನಲ್ಲಿ ಮಾತಾಡಿಕೊಂಡು ಮೂರನೆಯವನನ್ನು ಬೋಳಿಸುವುದನ್ನೂ ತಡೆಯುವುದಿಲ್ಲ. ಆದರೆ ಎಲೆಗಳ ಪೂರ್ತಿ ದಾಖಲೆ ಪ್ರತಿ ಆಟಗಾರನ ಕೈಗೆ ಬಂದರೆ, 200 ದಿನ ಒಬ್ಬನೇ ಎಣಿಸುವ ಬದಲು 200 ಜನ ಒಂದೇ ದಿನ ಎಣಿಸಬಹುದು. ಎದುರಾಳಿ ಯಾವಾಗ ಯಾವ ಎಲೆ ಬಿಟ್ಟ, ಕಾಣದ ಎಲೆಗೆ ಹೆದರಿ ಎಷ್ಟು ಸಲ ಡ್ರಾಪ್ ಮಾಡಿದ, ಎಲ್ಲ ಅದರಲ್ಲಿರುತ್ತದೆ.

ಮುಂದೆ ದುಡ್ಡಿನ ಟೇಬಲ್ ಮತ್ತೆ ತೆರೆಯಲು ಕೋರ್ಟು ಒಪ್ಪುತ್ತೋ ಬಿಡುತ್ತೋ, ಅಲ್ಲಿ ನಿಂತು ಕೌಶಲದ ಆಟ ಅನ್ನುವ ವಕೀಲರನ್ನು ನ್ಯಾಯಾಧೀಶರು ಒಂದು ಮಾತು ಕೇಳಲಿ: ನಿಮ್ಮ ಕಕ್ಷಿದಾರರ ಆ್ಯಪ್‌ನಲ್ಲಿ ಕಟ್ ಮಾಡುವವರು ಯಾರು? ಅಲ್ಲಿಯ ತನಕ ನಿಮ್ಮ ಫೋನಿನಲ್ಲಿರುವ ಆ್ಯಪ್‌ನ ಸಪೋರ್ಟ್ ವಿಳಾಸಕ್ಕೆ ನೀವೇ ಒಂದು ಇಮೇಲ್ ಹಾಕಿ ನೋಡಿ. ಹಂಚುವ ಮೊದಲು ಮುದ್ರೆ ಕೊಡ್ತೀರಾ, ಬೀಜಕ್ಕೆ ನಮ್ಮ ಸಂಖ್ಯೆ ಸೇರಿಸ್ತೀರಾ, ಆಟ ಮುಗಿದ ಮೇಲೆ ಪೂರ್ತಿ ಎಲೆ ದಾಖಲೆ ಡೌನ್‌ಲೋಡ್ ಮಾಡೋಕೆ ಬಿಡ್ತೀರಾ, ಅಂತ. "ನಮ್ಮದು ಸರ್ಟಿಫೈಡ್ ಆರ್‌ಎನ್‌ಜಿ" ಅಂತ ಒಂದೇ ಸಾಲಿನ ಉತ್ತರ ಬಂದರೆ, ಮೂರೂ ಪ್ರಶ್ನೆಗೆ ಅವರು "ಇಲ್ಲ" ಅಂದಿದ್ದಾರೆ ಅಂತ ಲೆಕ್ಕ.